ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದರೆ ಬೀಳುವ ಖರ್ಚು: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆ, ವಿಜಯಪುರ ಮತ್ತು ಬೆಳಗಾವಿ ಭಾಗದಲ್ಲಿ ಕ್ರೆಡಿಟ್ ಕಾರ್ಡು ಇಟ್ಟುಕೊಂಡವರು ಎಟಿಎಂನಿಂದ ನಗದು ತೆಗೆಯುವ ಬಗ್ಗೆ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಶುಲ್ಕ ಮತ್ತು ಬಡ್ಡಿಯ ದರ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆಯಾಗಿರುತ್ತದೆ. ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು ಅನೇಕ ಕಾರ್ಡುಗಳಲ್ಲಿ ಕಾಣುವ ದರ. ನಿಮ್ಮ ಕಾರ್ಡಿನ ದರವನ್ನು ಕಾರ್ಡಿನ ಜೊತೆಗೆ ಬಂದ ‘ಅತಿ ಮುಖ್ಯ ನಿಯಮಗಳು ಮತ್ತು ಷರತ್ತುಗಳು’ ಎಂಬ ಪತ್ರದಲ್ಲಿ ನೋಡಿಕೊಳ್ಳಬೇಕು.

ಕಾರ್ಡಿನಿಂದ ಸಾಮಾನು ಕೊಂಡರೆ ಒಂದೂವರೆ ತಿಂಗಳವರೆಗೂ ಬಡ್ಡಿ ಇರುವುದಿಲ್ಲ. ನಗದು ತೆಗೆದರೂ ಹಾಗೆಯೇ ಅಲ್ಲವೇ?

ಅಲ್ಲ. ಬಹುತೇಕ ತಪ್ಪು ತಿಳಿವಳಿಕೆ ಶುರುವಾಗುವುದೇ ಇಲ್ಲಿಂದ. ಅಂಗಡಿಯಲ್ಲಿ ಕಾರ್ಡು ಉಜ್ಜಿ ಕೊಂಡ ವಸ್ತುವಿನ ಹಣವನ್ನು, ಬಿಲ್ಲಿನಲ್ಲಿ ತೋರಿಸಿದ ಕೊನೆಯ ದಿನಾಂಕದೊಳಗೆ ಪೂರ್ತಿಯಾಗಿ ಕಟ್ಟಿದರೆ ಬಡ್ಡಿ ಬೀಳುವುದಿಲ್ಲ. ಈ ಬಡ್ಡಿರಹಿತ ಅವಧಿ ಖರೀದಿಗೆ ಮಾತ್ರ ಸಲ್ಲುತ್ತದೆ. ಎಟಿಎಂನಿಂದ ನಗದು ತೆಗೆದರೆ ಅದನ್ನು ಬ್ಯಾಂಕು ‘ಕ್ಯಾಶ್ ಅಡ್ವಾನ್ಸ್’ ಎಂದು, ಅಂದರೆ ಕೈಗೆ ಕೊಟ್ಟ ಸಾಲವೆಂದು ಬರೆದುಕೊಳ್ಳುತ್ತದೆ. ಆ ಸಾಲಕ್ಕೆ ಹಣ ಕೈಗೆ ಬಂದ ದಿನದಿಂದಲೇ ಬಡ್ಡಿ ಓಡತೊಡಗುತ್ತದೆ. ಕೊನೆಯ ದಿನಾಂಕಕ್ಕಿಂತ ಮುಂಚೆಯೇ ಪೂರ್ತಿ ತೀರಿಸಿದರೂ ಅಲ್ಲಿಯವರೆಗಿನ ಬಡ್ಡಿ ತಪ್ಪುವುದಿಲ್ಲ. ಬಡ್ಡಿಯಲ್ಲದೆ, ನಗದು ತೆಗೆದದ್ದಕ್ಕೆ ಒಂದು ಶುಲ್ಕ ಬೇರೆ ಇರುತ್ತದೆ. ಶುಲ್ಕದ ಮೇಲೂ ಬಡ್ಡಿಯ ಮೇಲೂ 18% ಜಿಎಸ್‌ಟಿ ಬೀಳುತ್ತದೆ.

ಬ್ಯಾಂಕು ಹೀಗೆ ಭೇದ ಮಾಡುವುದಕ್ಕೆ ಕಾರಣವೇನು?

ನೀವು ಅಂಗಡಿಯಲ್ಲಿ ಕಾರ್ಡು ಬಳಸಿದಾಗ ಅಂಗಡಿಯವರಿಗೆ ಪೂರ್ತಿ ಹಣ ಸೇರುವುದಿಲ್ಲ. ಸಣ್ಣದೊಂದು ಪಾಲು ಕಡಿತವಾಗಿ, ಅದರ ದೊಡ್ಡ ಭಾಗ ನಿಮಗೆ ಕಾರ್ಡು ಕೊಟ್ಟ ಬ್ಯಾಂಕಿಗೆ ಹೋಗುತ್ತದೆ. ಬಡ್ಡಿರಹಿತ ಅವಧಿಯ ಖರ್ಚಿನ ಒಂದು ಭಾಗ ಬ್ಯಾಂಕಿಗೆ ಆ ದಾರಿಯಿಂದ ಬರುತ್ತದೆ. ಎಟಿಎಂನಲ್ಲಿ ಅಂಗಡಿಯವರೇ ಇಲ್ಲವಾದ್ದರಿಂದ ಆ ವರಮಾನವೂ ಇಲ್ಲ. ಬೇರೆ ಬ್ಯಾಂಕಿನ ಎಟಿಎಂ ಬಳಸಿದರೆ ನಿಮ್ಮ ಬ್ಯಾಂಕೇ ಆ ಬ್ಯಾಂಕಿಗೆ ಹಣ ಕೊಡಬೇಕಾಗುತ್ತದೆ. ಅಲ್ಲದೆ, ಒತ್ತೆಯಿಲ್ಲದ ಸಾಲವನ್ನು ನಗದಾಗಿ ತೆಗೆಯುವವರು ಹಣದ ತೀವ್ರ ಅಡಚಣೆಯಲ್ಲಿರುವ ಸಾಧ್ಯತೆ ಹೆಚ್ಚೆಂದು ಬ್ಯಾಂಕುಗಳು ಎಣಿಸುತ್ತವೆ. ಈ ಕಾರಣಗಳು ಅರ್ಥವಾಗುವಂಥವೇ. ಆದರೆ ಶುಲ್ಕ ಮತ್ತು ಬಡ್ಡಿ ಎರಡನ್ನೂ ಮೊದಲ ದಿನದಿಂದಲೇ ಹೇರುವುದು ಭಾರವೇ ಸರಿ.

ಶುಲ್ಕ ಎಷ್ಟು?

ಅನೇಕ ಕಾರ್ಡುಗಳಲ್ಲಿ ತೆಗೆದ ಮೊತ್ತದ 2.5% ಅಥವಾ 500 ರೂಪಾಯಿ, ಇವೆರಡರಲ್ಲಿ ಯಾವುದು ಹೆಚ್ಚೋ ಅದು ಶುಲ್ಕ. ಈ ವಾಕ್ಯದಲ್ಲಿ ಎಲ್ಲರ ಕಣ್ಣು ಹೋಗುವುದು 2.5% ಎಂಬುದರ ಮೇಲೆ. ಪೆಟ್ಟು ಕೊಡುವುದು ಮಾತ್ರ 500 ರೂಪಾಯಿ ಎಂಬ ಮಾತು. 20,000 ರೂಪಾಯಿಯ 2.5% ಅಂದರೆ ಸರಿಯಾಗಿ 500 ರೂಪಾಯಿ. ಅದಕ್ಕಿಂತ ಕಡಿಮೆ ಎಷ್ಟೇ ತೆಗೆದರೂ ಕೊಡಬೇಕಾದದ್ದು 500 ರೂಪಾಯಿಯೇ. ಜಿಎಸ್‌ಟಿ ಸೇರಿದರೆ 590 ರೂಪಾಯಿ. ಆಸ್ಪತ್ರೆಯ ಔಷಧಕ್ಕೆಂದು 3,000 ರೂಪಾಯಿ ತೆಗೆದವರು ಬಡ್ಡಿಯ ಮಾತು ಬರುವ ಮೊದಲೇ 590 ರೂಪಾಯಿ ಕಳೆದುಕೊಂಡಿರುತ್ತಾರೆ, ಅಂದರೆ ನೂರಕ್ಕೆ ಹತ್ತಿರಹತ್ತಿರ ಇಪ್ಪತ್ತು ರೂಪಾಯಿ.

ಇನ್ನೊಂದು ತೊಡಕಿದೆ. ಈ ಶುಲ್ಕ ತಿಂಗಳಿಗೊಮ್ಮೆ ಬೀಳುವುದಲ್ಲ, ಪ್ರತಿ ಸಲ ತೆಗೆದಾಗಲೂ ಬೀಳುತ್ತದೆ. ಒಂದು ಸಲಕ್ಕೆ 10,000 ರೂಪಾಯಿಗಿಂತ ಹೆಚ್ಚು ಕೊಡದ ಎಟಿಎಂಗಳು ಅನೇಕ. ಅಂಥ ಯಂತ್ರದ ಮುಂದೆ ನಿಂತು 20,000 ರೂಪಾಯಿಯನ್ನು ಎರಡು ಸಲಕ್ಕೆ ತೆಗೆದರೆ ಬ್ಯಾಂಕಿನ ಲೆಕ್ಕದಲ್ಲಿ ಅದು ಎರಡು ವ್ಯವಹಾರ. 500 ರೂಪಾಯಿಯ ಶುಲ್ಕ ಎರಡು ಸಲ ಬಿದ್ದು, ಜಿಎಸ್‌ಟಿ ಸೇರಿ 1,180 ರೂಪಾಯಿಯಾಗುತ್ತದೆ. ಯಂತ್ರದ ಪರದೆಯಲ್ಲಿ ಈ ಲೆಕ್ಕ ಕಾಣುವುದಿಲ್ಲ. ಬಿಲ್ಲು ಬಂದಾಗಲೇ ಗೊತ್ತಾಗುತ್ತದೆ.

ತಿಂಗಳಿಗೆ 3.5% ಬಡ್ಡಿ ಎಂದರೆ ನಮ್ಮ ಲೆಕ್ಕದಲ್ಲಿ ಎಷ್ಟಾಯಿತು?

ನಮ್ಮ ಕಡೆ ಕೈಗಡ ಸಾಲದ ಬಡ್ಡಿಯನ್ನು ‘ನೂರಕ್ಕೆ ಎರಡು ರೂಪಾಯಿ’, ‘ನೂರಕ್ಕೆ ಮೂರು ರೂಪಾಯಿ’ ಎಂದು ತಿಂಗಳ ಲೆಕ್ಕದಲ್ಲೇ ಹೇಳುವ ರೂಢಿಯಿದೆ. ಅದೇ ಅಳತೆಯಲ್ಲಿ ನೋಡಿದರೆ ಕಾರ್ಡಿನ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿ. ಅದರ ಮೇಲಿನ ಜಿಎಸ್‌ಟಿ ಸೇರಿಸಿದರೆ ನೂರಕ್ಕೆ ನಾಲ್ಕು ರೂಪಾಯಿ ಹದಿಮೂರು ಪೈಸೆ. ಊರಿನಲ್ಲಿ ಯಾರಾದರೂ ನೂರಕ್ಕೆ ನಾಲ್ಕು ರೂಪಾಯಿ ಬಡ್ಡಿ ಹೇಳಿದರೆ ನಾವು ಎರಡು ಸಲ ಯೋಚಿಸುತ್ತೇವೆ. ಎಟಿಎಂ ಮುಂದೆ ಹಾಗೆ ಯೋಚಿಸುವುದಿಲ್ಲ, ಏಕೆಂದರೆ ಅಲ್ಲಿ ದರವನ್ನು ಬಾಯಿಬಿಟ್ಟು ಹೇಳುವವರು ಯಾರೂ ಇಲ್ಲ. ವರ್ಷದ ಲೆಕ್ಕಕ್ಕೆ ಈ ಬಡ್ಡಿ 42% ಆಗುತ್ತದೆ. ಕೆಲವು ಕಾರ್ಡುಗಳಲ್ಲಿ ತಿಂಗಳಿಗೆ 3.75% ಇದ್ದು, ವರ್ಷಕ್ಕೆ 45% ತಲುಪುತ್ತದೆ.

ಒಂದು ಉದಾಹರಣೆಯನ್ನು ಪೂರ್ತಿ ಲೆಕ್ಕ ಹಾಕಿ ತೋರಿಸಬಹುದೇ?

ಮುಧೋಳ ತಾಲ್ಲೂಕಿನ ಒಬ್ಬ ಕಬ್ಬು ಬೆಳೆಗಾರರ ಸಂದರ್ಭವನ್ನು ಎಣಿಸೋಣ. ನವೆಂಬರ್ ತಿಂಗಳು, ಕಾರ್ಖಾನೆಗಳು ನುರಿಸಲು ಶುರುಮಾಡಿವೆ, ಕಟಾವಿನ ಗ್ಯಾಂಗು ಹೊಲಕ್ಕೆ ಇಳಿದಿದೆ. ಗ್ಯಾಂಗಿನ ಮುಕಾದಮನಿಗೆ ಮತ್ತು ಟ್ರ್ಯಾಕ್ಟರಿನವರಿಗೆ ಕೈಯಲ್ಲೇ ನಗದು ಕೊಡಬೇಕು. ಕಬ್ಬಿನ ಬಿಲ್ಲು 14 ದಿನಗಳೊಳಗೆ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆಯಾದರೂ, ಅದನ್ನು ನಂಬಿ ಯಾರೂ ಖರ್ಚಿಗೆ ಇಳಿಯುವುದಿಲ್ಲ. ಆದ್ದರಿಂದ ಅವರು ನವೆಂಬರ್ 5ರಂದು ಪೇಟೆಗೆ ಹೋಗಿ, ತಮ್ಮ ಕ್ರೆಡಿಟ್ ಕಾರ್ಡಿನಿಂದ ಎರಡು ಸಲ ಹತ್ತತ್ತು ಸಾವಿರದಂತೆ 20,000 ರೂಪಾಯಿ ತೆಗೆದರು. ಅವರ ಕಾರ್ಡಿನ ಬಿಲ್ಲು ಪ್ರತಿ ತಿಂಗಳು 20ಕ್ಕೆ ತಯಾರಾಗುತ್ತದೆ, ಕಟ್ಟಲು ಮುಂದಿನ ತಿಂಗಳ 10ರವರೆಗೆ ಅವಕಾಶವಿದೆ. ಕಾರ್ಡಿನಲ್ಲಿ ಬೇರೆ ಯಾವ ಬಾಕಿಯೂ ಇಲ್ಲ.

20,000 ರೂಪಾಯಿಗೆ ವರ್ಷಕ್ಕೆ 42% ಎಂದರೆ ದಿನವೊಂದಕ್ಕೆ ಸುಮಾರು 23 ರೂಪಾಯಿ ಬಡ್ಡಿ. ಜಿಎಸ್‌ಟಿ ಸೇರಿದರೆ ದಿನಕ್ಕೆ 27 ರೂಪಾಯಿ 15 ಪೈಸೆ. ತೆಗೆದ ದಿನವನ್ನೂ ಎಣಿಸಿದರೆ ನವೆಂಬರ್ 20ರವರೆಗೆ 16 ದಿನ. ಆದ್ದರಿಂದ ಮೊದಲ ಬಿಲ್ಲಿನಲ್ಲಿ ಅಸಲು 20,000, ಎರಡು ಸಲದ ಶುಲ್ಕ ಜಿಎಸ್‌ಟಿಯೊಂದಿಗೆ 1,180, ಬಡ್ಡಿ 368, ಬಡ್ಡಿಯ ಮೇಲಿನ ಜಿಎಸ್‌ಟಿ 66, ಒಟ್ಟು 21,614 ರೂಪಾಯಿ ಇರುತ್ತದೆ.

ಬೆಳೆಗಾರರು ಡಿಸೆಂಬರ್ 10ರಂದು, ಅಂದರೆ ಕೊನೆಯ ದಿನದಂದೇ, ಈ 21,614 ರೂಪಾಯಿಯನ್ನು ಪೂರ್ತಿ ಕಟ್ಟಿದರು. ಸಾಲ ತೀರಿತೆಂದು ಅವರು ತಿಳಿದರೂ ತೀರಿರುವುದಿಲ್ಲ. ನವೆಂಬರ್ 21ರಿಂದ ಡಿಸೆಂಬರ್ 10ರವರೆಗಿನ 20 ದಿನಗಳ ಬಡ್ಡಿ 460 ರೂಪಾಯಿ ಮತ್ತು ಅದರ ಜಿಎಸ್‌ಟಿ 83 ರೂಪಾಯಿ, ಒಟ್ಟು 543 ರೂಪಾಯಿ, ಡಿಸೆಂಬರ್ ಬಿಲ್ಲಿನಲ್ಲಿ ಬರುತ್ತದೆ. ಹೀಗೆ 36 ದಿನಗಳ ಬಳಕೆಗೆ ಅವರು ಕೊಟ್ಟ ಒಟ್ಟು ಖರ್ಚು 2,157 ರೂಪಾಯಿ, ಅಂದರೆ ನೂರಕ್ಕೆ ಹತ್ತು ರೂಪಾಯಿಗೂ ಹೆಚ್ಚು. ಅದೇ ದಿನ ಅದೇ ಕಾರ್ಡಿನಿಂದ 20,000 ರೂಪಾಯಿಯ ಗೊಬ್ಬರ ಕೊಂಡು, ಡಿಸೆಂಬರ್ 10ರಂದೇ ಬಿಲ್ಲು ಕಟ್ಟಿದ್ದರೆ ಬಡ್ಡಿಯಾಗಲಿ ನಗದು ಶುಲ್ಕವಾಗಲಿ ಒಂದು ಪೈಸೆಯೂ ಬೀಳುತ್ತಿರಲಿಲ್ಲ.

ಪೂರ್ತಿ ಬಿಲ್ಲು ಕಟ್ಟಿದ ಮೇಲೂ ಮುಂದಿನ ತಿಂಗಳು ಬಡ್ಡಿ ಬಂದಿದೆ. ಇದು ಬ್ಯಾಂಕಿನ ತಪ್ಪೇ?

ಮೇಲಿನ ಲೆಕ್ಕದಲ್ಲಿ ಬಂದ 543 ರೂಪಾಯಿ ಅಂಥದ್ದೇ. ಬಿಲ್ಲು ತಯಾರಾದ ದಿನಕ್ಕೂ ನೀವು ಹಣ ಕಟ್ಟಿದ ದಿನಕ್ಕೂ ನಡುವಿನ ಬಡ್ಡಿ ಮೊದಲ ಬಿಲ್ಲಿಗೆ ಸೇರಿರುವುದಿಲ್ಲ. ಅದು ತಪ್ಪಲ್ಲ. ಆದರೆ ‘ಎಲ್ಲಾ ಕಟ್ಟಿದ್ದೇನೆ’ ಎಂಬ ಧೈರ್ಯದಲ್ಲಿ ಆ ಬಿಲ್ಲನ್ನು ನೋಡದೆ ಬಿಟ್ಟರೆ, ಸಣ್ಣ ಬಾಕಿಗೆ ತಡಪಾವತಿಯ ದಂಡ ಬೀಳಬಹುದು, ಬಾಕಿದಾರರೆಂದು ಸಾಲದ ದಾಖಲೆಯಲ್ಲಿ ಬರೆಯಲೂಬಹುದು. ನಗದು ತೆಗೆದ ಮೇಲೆ ಬರುವ ಎರಡು ಬಿಲ್ಲುಗಳನ್ನೂ ನೋಡಬೇಕು. ಎರಡನೆಯದನ್ನೂ ತೀರಿಸಿ, ಮೂರನೆಯದು ಸೊನ್ನೆ ತೋರಿಸಿದ ಮೇಲೆಯೇ ವ್ಯವಹಾರ ಮುಗಿದಂತೆ.

ಹತ್ತೇ ದಿನದಲ್ಲಿ ಹಣ ತೀರಿಸಿದರೆ ಖರ್ಚು ಕಡಿಮೆಯಾಗುತ್ತದೆಯೇ?

ಬಡ್ಡಿ ಕಡಿಮೆಯಾಗುತ್ತದೆ, ಶುಲ್ಕ ಆಗುವುದಿಲ್ಲ. ಬಿಲ್ಲಿನ ದಾರಿ ಕಾಯದೆ ಹತ್ತು ದಿನದೊಳಗೆ 20,000 ರೂಪಾಯಿಯನ್ನು ಕಾರ್ಡಿನ ಖಾತೆಗೆ ಕಟ್ಟಿದರೆ ಬಡ್ಡಿ ಜಿಎಸ್‌ಟಿ ಸೇರಿ ಸುಮಾರು 271 ರೂಪಾಯಿಗೆ ನಿಲ್ಲುತ್ತದೆ. ಆದರೆ ಎರಡು ಸಲ ತೆಗೆದ 1,180 ರೂಪಾಯಿಯ ಶುಲ್ಕ ಅಷ್ಟೇ ಇರುತ್ತದೆ. ಹಣ ಹೆಚ್ಚು ಕಾಲ ಉಳಿದಷ್ಟೂ ಬಡ್ಡಿ ದುಬಾರಿ, ಬೇಗ ತೀರಿಸಿದಷ್ಟೂ ದಿನದ ಲೆಕ್ಕಕ್ಕೆ ಶುಲ್ಕ ದುಬಾರಿ. ‘ನಾಲ್ಕು ದಿನದ ಮಾತು, ಎಷ್ಟು ಆದೀತು’ ಎಂಬ ಸಮಾಧಾನ ಈ ಸಾಲಕ್ಕೆ ಒಗ್ಗುವುದಿಲ್ಲ.

ಹಾಗೆಂದು ಈಗಾಗಲೇ ತೆಗೆದವರು ಕಾಯಬೇಕೆಂದಲ್ಲ. ಶುಲ್ಕ ಹೇಗೂ ಹೋಯಿತು. ದಿನಕ್ಕೆ 27 ರೂಪಾಯಿಯನ್ನಾದರೂ ನಿಲ್ಲಿಸಬಹುದು. ಬ್ಯಾಂಕಿನ ಆ್ಯಪಿನಲ್ಲಿ ಯಾವಾಗ ಬೇಕಾದರೂ ಹಣ ಕಟ್ಟಬಹುದು, ಬಿಲ್ಲು ಬರಲೇಬೇಕೆಂದಿಲ್ಲ. ಕಾರ್ಡಿನಲ್ಲಿ ಬೇರೆ ಬಾಕಿಯೂ ಇದ್ದರೆ, ನೀವು ಕಟ್ಟಿದ ಹಣವನ್ನು ಮೊದಲು ಯಾವುದಕ್ಕೆ ಜಮಾ ಮಾಡಿಕೊಳ್ಳುತ್ತಾರೆ ಎಂಬ ಕ್ರಮ ಷರತ್ತುಗಳ ಪತ್ರದಲ್ಲಿದೆ.

ಕನಿಷ್ಠ ಮೊತ್ತ ಮಾತ್ರ ಕಟ್ಟಿದರೆ ಏನಾಗುತ್ತದೆ?

ತಡಪಾವತಿಯ ದಂಡ ತಪ್ಪುತ್ತದೆ, ಸಾಲ ಮಾತ್ರ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. 20,000 ರೂಪಾಯಿ ಬಾಕಿಗೆ ಒಂದು ತಿಂಗಳ ಬಡ್ಡಿ 700, ಜಿಎಸ್‌ಟಿ 126, ಒಟ್ಟು 826 ರೂಪಾಯಿ. ಬಾಕಿಯ 5% ಎಂದು 1,000 ರೂಪಾಯಿ ಕಟ್ಟಿದಿರಿ ಎನ್ನಿ, ಅಸಲಿನಲ್ಲಿ ಕರಗುವುದು 174 ರೂಪಾಯಿ ಮಾತ್ರ. ಕನಿಷ್ಠ ಮೊತ್ತ ಕಟ್ಟುತ್ತ ಹೋದರೂ ಬಾಕಿ ಬೆಳೆಯುತ್ತಲೇ ಹೋಗುವಂತೆ ಲೆಕ್ಕ ಇಡಬಾರದು ಎಂದು ರಿಸರ್ವ್ ಬ್ಯಾಂಕು 2022ರ ನಿರ್ದೇಶನದಲ್ಲಿ ಹೇಳಿದೆ, ಆದ್ದರಿಂದ ಕೆಲವು ಬ್ಯಾಂಕುಗಳು ಬಡ್ಡಿ, ಶುಲ್ಕ ಮತ್ತು ತೆರಿಗೆಯ ಜೊತೆಗೆ ಅಸಲಿನ ಒಂದು ಪಾಲನ್ನು ಸೇರಿಸಿ ಕನಿಷ್ಠ ಮೊತ್ತವನ್ನು ಹೇಳುತ್ತವೆ. ಹಾಗಿದ್ದರೂ ಸಾಲ ತೀರಲು ವರ್ಷಗಟ್ಟಲೆ ಹಿಡಿಯುತ್ತದೆ.

ಇದಕ್ಕಿಂತ ಕಾಣದ ನಷ್ಟ ಇನ್ನೊಂದಿದೆ. ಹಿಂದಿನ ಬಾಕಿ ಪೂರ್ತಿ ತೀರದೆ ಉಳಿದಾಗ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಆ ತಿಂಗಳು ಅದೇ ಕಾರ್ಡಿನಿಂದ ಕಿರಾಣಿ ತಂದರೂ ಡೀಸೆಲ್ ಹಾಕಿಸಿದರೂ ಅದರ ಮೇಲೆ ಅಂದಿನಿಂದಲೇ ಬಡ್ಡಿ. ನಗದಿನ ಬಾಕಿ ಉಳಿದಿರುವವರೆಗೆ ಆ ಕಾರ್ಡನ್ನು ಮನೆಯ ಖರ್ಚಿಗೆ ಬಳಸದೆ ಇರುವುದು ಒಳ್ಳೆಯದು.

ಕಿಸಾನ್ ಕ್ರೆಡಿಟ್ ಕಾರ್ಡಿಗೂ ಇದೇ ಶುಲ್ಕ ಇದೆಯೇ?

ಇಲ್ಲ. ಹೆಸರು ಒಂದೇ ರೀತಿ ಇರುವುದರಿಂದ ಈ ಗೊಂದಲ ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ಕಿಸಾನ್ ಕ್ರೆಡಿಟ್ ಕಾರ್ಡು ಬೆಳೆಸಾಲದ ಖಾತೆಯ ಕಾರ್ಡು. ಅದರಿಂದ ಎಟಿಎಂನಲ್ಲಿ ತೆಗೆಯುವ ಹಣ ಮಂಜೂರಾದ ಬೆಳೆಸಾಲದ್ದೇ. ಬಡ್ಡಿ ತೆಗೆದ ದಿನದಿಂದ ಎಣಿಕೆಯಾಗುವುದು ಅಲ್ಲಿಯೂ ನಿಜ, ಆದರೆ ದರ ಬೇರೆ: 3 ಲಕ್ಷದವರೆಗಿನ ಅಲ್ಪಾವಧಿ ಬೆಳೆಸಾಲಕ್ಕೆ ವರ್ಷಕ್ಕೆ 7%, ಸಮಯಕ್ಕೆ ಸರಿಯಾಗಿ ತೀರಿಸಿದವರಿಗೆ 3% ರಿಯಾಯಿತಿ ಸಿಕ್ಕು 4%. ಕರ್ನಾಟಕದಲ್ಲಿ ಸಹಕಾರಿ ಸಂಘಗಳ ಮೂಲಕ ರೈತರಿಗೆ ಕೊಡುವ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಆ ಮಿತಿಯಲ್ಲಿ ಹಣ ಉಳಿದಿರುವ ರೈತರು ಅದನ್ನು ಬಿಟ್ಟು ಇನ್ನೊಂದು ಬ್ಯಾಂಕಿನ ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದರೆ ಅದು ಬರೀ ನಷ್ಟ.

ಬೆಳೆಸಾಲ ಇಲ್ಲದವರಿಗೆ ಬಂಗಾರದ ಸಾಲ ಹೋಲಿಕೆಗೆ ಬರುತ್ತದೆ. ವರ್ಷಕ್ಕೆ 12% ಬಡ್ಡಿ ಹಿಡಿದರೂ 20,000 ರೂಪಾಯಿಗೆ 36 ದಿನಕ್ಕೆ ಸುಮಾರು 237 ರೂಪಾಯಿ ಬಡ್ಡಿ. ಅದರ ಮೇಲೆ ಬಂಗಾರ ಪರೀಕ್ಷೆಯ ಮತ್ತು ಕಾಗದಪತ್ರದ ಖರ್ಚು ಇರುತ್ತದೆ. ಅರ್ಧ ದಿನವೂ ಹೋಗುತ್ತದೆ. ಆದರೂ 2,157 ರೂಪಾಯಿಯ ಹತ್ತಿರ ಅದು ಬರುವುದಿಲ್ಲ.

ಅಂಗಡಿಯಲ್ಲಿ ಕಾರ್ಡು ಉಜ್ಜಿ ನಗದು ಕೊಡುತ್ತಾರೆ, ಕಮಿಷನ್ ಮಾತ್ರ ತೆಗೆದುಕೊಳ್ಳುತ್ತಾರೆ. ಅದು ಲಾಭವಲ್ಲವೇ?

ಲೆಕ್ಕದಲ್ಲಿ ಲಾಭದಂತೆಯೇ ಕಾಣುತ್ತದೆ, ಏಕೆಂದರೆ ಬ್ಯಾಂಕಿನ ಕಣ್ಣಿಗೆ ಅದು ಖರೀದಿ. ಆದರೆ ನಡೆಯದ ವ್ಯಾಪಾರವನ್ನು ನಡೆದಂತೆ ತೋರಿಸುವ ಈ ವ್ಯವಹಾರಕ್ಕೆ ಅಂಗಡಿಯವರು ಬ್ಯಾಂಕಿನೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ ಅವಕಾಶವಿಲ್ಲ. ಒಂದೇ ಅಂಗಡಿಯಲ್ಲಿ ದುಂಡು ಮೊತ್ತಗಳು ಮತ್ತೆ ಮತ್ತೆ ಕಂಡಾಗ ಬ್ಯಾಂಕು ಕಾರ್ಡನ್ನು ನಿಲ್ಲಿಸಬಹುದು. ಕಾರ್ಡು ಉಜ್ಜಿದ ಮೇಲೆ ಅಂಗಡಿಯವರು ಕಡಿಮೆ ಹಣ ಕೊಟ್ಟರೆ ದೂರಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ, ಇರುವ ರಸೀದಿ ಖರೀದಿಯದ್ದು. ಅಂಗಡಿಯ ಯಂತ್ರದಿಂದ ನಗದು ಪಡೆಯುವ ಅಧಿಕೃತ ಸೌಲಭ್ಯವನ್ನು ರಿಸರ್ವ್ ಬ್ಯಾಂಕು ಡೆಬಿಟ್ ಕಾರ್ಡಿನಂಥವುಗಳಿಗೆ ಕೊಟ್ಟಿದೆ, ಕ್ರೆಡಿಟ್ ಕಾರ್ಡಿಗೆ ಕೊಟ್ಟಿಲ್ಲ. ಯುಪಿಐಗೆ ಜೋಡಿಸಿದ ರುಪೇ ಕ್ರೆಡಿಟ್ ಕಾರ್ಡು ಕೂಡ ವ್ಯಾಪಾರಿಗಳಿಗೆ ಹಣ ಕೊಡುವುದಕ್ಕಷ್ಟೇ. ಅದರಿಂದ ಗೆಳೆಯರ ಖಾತೆಗೆ ಹಣ ಕಳಿಸಿ ನಗದು ಮಾಡಿಕೊಳ್ಳಲು ಆಗುವುದಿಲ್ಲ.

ಮುಕಾದಮನಿಗೆ ನಗದೇ ಬೇಕು, ಸರಿ. ಆದರೆ ಗೊಬ್ಬರ, ಡೀಸೆಲ್, ಔಷಧದ ಖರ್ಚನ್ನು ಕಾರ್ಡಿನ ಮೇಲೆ ಹಾಕಿ, ಅದಕ್ಕೆಂದು ಮನೆಯಲ್ಲಿ ಇಟ್ಟಿದ್ದ ನಗದನ್ನು ಮುಕಾದಮನಿಗೆ ಕೊಟ್ಟರೆ ಕೆಲಸವೂ ನಡೆಯುತ್ತದೆ, ನಿಯಮವೂ ಮುರಿಯುವುದಿಲ್ಲ. ಈ ಅದಲುಬದಲು ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ.

ಇಷ್ಟು ಬಡ್ಡಿಗೆ ಕಾನೂನಿನಲ್ಲಿ ಮಿತಿ ಇಲ್ಲವೇ?

ವರ್ಷಕ್ಕೆ 30%ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ತೀರ್ಪು ಕೊಟ್ಟಿತ್ತು. ಆ ತೀರ್ಪನ್ನು ಸುಪ್ರೀಂ ಕೋರ್ಟು 2024ರ ಡಿಸೆಂಬರ್‌ನಲ್ಲಿ ರದ್ದುಪಡಿಸಿತು. ಹಾಗಾಗಿ ದರದ ಮೇಲೆ ಈಗ ಅಂಥ ಮಿತಿಯಿಲ್ಲ. ಆದರೆ ವಾರ್ಷಿಕ ದರವನ್ನು ಖರೀದಿಗೆ ಮತ್ತು ನಗದಿಗೆ ಬೇರೆಬೇರೆ ಇದ್ದರೆ ಬೇರೆಬೇರೆಯಾಗಿಯೇ ತಿಳಿಸಬೇಕು, ಕಟ್ಟದೆ ಉಳಿದ ಶುಲ್ಕ ಮತ್ತು ತೆರಿಗೆಯನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕಬಾರದು ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ. ದೂರಲು ಆಧಾರ ಸಿಗುವುದು ಇಲ್ಲಿ. ಬಿಲ್ಲಿನ ಬಡ್ಡಿಯನ್ನು ಮೇಲಿನಂತೆ ಅಸಲಿನ ಮೇಲೆ ದಿನದ ಲೆಕ್ಕದಲ್ಲಿ ಎಣಿಸಿ ನೋಡಿ. ಒಂದೆರಡು ದಿನದ ವ್ಯತ್ಯಾಸ ಎಣಿಕೆಯ ಕ್ರಮದಿಂದ ಬರಬಹುದು. ಅದಕ್ಕೂ ಮೀರಿ ಹೆಚ್ಚಿದ್ದರೆ ಲೆಕ್ಕವನ್ನು ಬರಹದಲ್ಲಿ ಕೇಳಿ.

ಎಟಿಎಂನಿಂದ ಹಣ ಬರಲಿಲ್ಲ, ಕಾರ್ಡಿನ ಲೆಕ್ಕದಲ್ಲಿ ಮಾತ್ರ ತೆಗೆದಂತೆ ಬಂದಿದೆ. ಶುಲ್ಕವೂ ಬಿದ್ದಿದೆ. ಏನು ಮಾಡಬೇಕು?

ಹಣ ಹೊರಬರದಿದ್ದರೆ ಐದು ದಿನಗಳೊಳಗೆ ಬ್ಯಾಂಕು ತಾನಾಗಿಯೇ ಮೊತ್ತವನ್ನು ಹಿಂದಿರುಗಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2019ರಲ್ಲಿ ಆದೇಶಿಸಿದೆ. ಕ್ರೆಡಿಟ್ ಕಾರ್ಡಿನಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. 10,000 ರೂಪಾಯಿ ವಾಪಸು ಜಮಾ ಆಗಿರುತ್ತದೆ, ಆದರೆ ಅದರ 500 ರೂಪಾಯಿ ಶುಲ್ಕ, 90 ರೂಪಾಯಿ ಜಿಎಸ್‌ಟಿ ಮತ್ತು ನಡುವಿನ ದಿನಗಳ ಬಡ್ಡಿ ಬಿಲ್ಲಿನಲ್ಲಿ ಹಾಗೆಯೇ ಕುಳಿತಿರಬಹುದು. ಅಸಲಿನ ಜೊತೆ ಇವು ಮೂರೂ ವಾಪಸಾಗಿವೆಯೇ ಎಂದು ಸಾಲುಸಾಲಾಗಿ ನೋಡಬೇಕು. ಯಂತ್ರದ ಚೀಟಿ, ಎಟಿಎಂ ಇರುವ ಸ್ಥಳ, ಸಮಯ ಮತ್ತು ಬಂದ ಸಂದೇಶವನ್ನು ಉಳಿಸಿಕೊಂಡು, ಎಟಿಎಂ ಯಾವ ಬ್ಯಾಂಕಿನದ್ದೇ ಆಗಿರಲಿ, ಕಾರ್ಡು ಕೊಟ್ಟ ಬ್ಯಾಂಕಿಗೇ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಬೇಕು. 30 ದಿನಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ, ಅದೇ ಸಂಖ್ಯೆಯೊಂದಿಗೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ಎಂಬ ಜಾಲತಾಣದಲ್ಲಿ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.